ಬಾಯಲ್ಲಿ ಕೇಳಿದರೆ ಸಿಗದ ದೋಸೆ ಕಾವಲಿ: ಲಿಸ್ಟಿಂಗ್ ಉತ್ತರದ ದೋಷ ಹುಡುಕುವ ಬಗೆ

ಬಳೇಪೇಟೆ ಹತ್ತಿರ ಒಂದು ಪಾತ್ರೆ ಅಂಗಡಿ ಇದೆ. ಅವರ ಆನ್‌ಲೈನ್ ಲಿಸ್ಟಿಂಗ್‌ಗಳನ್ನು ನಾನು ಬರೆದುಕೊಡುತ್ತೇನೆ. ಒಂದು ದಿನ ಅಂಗಡಿಯ ಯಜಮಾನರು ಫೋನ್ ಮಾಡಿದರು. "ನಮ್ಮ ಸೊಸೆ ಮೊಬೈಲ್‌ಗೆ ಬಾಯಲ್ಲಿ ಹೇಳಿ ಹುಡುಕಿದಳು. ನಮ್ಮ ಕಾವಲಿ ಬರಲೇ ಇಲ್ಲ ಕಣಮ್ಮ. ಟೈಪ್ ಮಾಡಿದರೆ ಮೇಲೇ ಬರುತ್ತೆ. ಏನಾಗಿದೆ ನೋಡು" ಅಂದರು.

ಆ ಒಂದು ಕಾವಲಿಯ ಲಿಸ್ಟಿಂಗ್‌ನಲ್ಲಿ ದೋಷ ಎಲ್ಲಿತ್ತು, ಅದನ್ನು ಹೇಗೆ ಹುಡುಕಿದೆ, ಉತ್ತರಗಳನ್ನು ಹೇಗೆ ತಿದ್ದಿದೆ ಅಂತ ಇಲ್ಲಿ ಬರೆದಿದ್ದೇನೆ. ಸರಕು ಬೇರೆಯಾದರೂ ಹುಡುಕುವ ಕ್ರಮ ಇದೇ.

ಲಕ್ಷಣ

ಸರಕು 12 ಇಂಚಿನ ಎರಕದ ಕಬ್ಬಿಣದ ದೋಸೆ ಕಾವಲಿ. ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲೂ ಇದೆ, ಅಂಗಡಿಯ ಸ್ವಂತ ವೆಬ್‌ಸೈಟ್‌ನಲ್ಲೂ ಇದೆ. `cast iron dosa tawa 12 inch` ಅಂತ ಟೈಪ್ ಮಾಡಿದರೆ ಮೊದಲ ಸಾಲುಗಳಲ್ಲೇ ಕಾಣುತ್ತಿತ್ತು. "ಇಂಡಕ್ಷನ್ ಒಲೆಗೆ ಆಗೋ ದೋಸೆ ಕಾವಲಿ" ಅಂತ ಮೈಕ್ ಒತ್ತಿ ಹೇಳಿದರೆ ಎಷ್ಟು ಕೆಳಗೆ ಹೋದರೂ ಇರಲಿಲ್ಲ. ಇಂಥ ಕಡೆ ಬೆಲೆ, ಸ್ಟಾಕ್, ಪಿನ್‌ಕೋಡ್ ಕಾರಣ ಅಲ್ಲ. ಅವು ಕೆಟ್ಟಿದ್ದರೆ ಟೈಪ್ ಮಾಡಿದಾಗಲೂ ಸರಕು ಕಾಣುತ್ತಿರಲಿಲ್ಲ. ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಒಂದೇ ಫೋನ್, ಒಂದೇ ಪಿನ್‌ಕೋಡ್, ಲಾಗಿನ್ ಇಲ್ಲದೆ, ಎರಡೂ ಥರ ಹುಡುಕಿ. ಲಾಗಿನ್ ಆಗಿದ್ದರೆ ನೀವು ಹಿಂದೆ ನೋಡಿದ ಸರಕು ಮೇಲೆ ಬರಬಹುದು, ಆಗ ಪರೀಕ್ಷೆ ಕೆಡುತ್ತದೆ.

ದೋಷ ಕೂತಿರಬಹುದಾದ ಮೂರು ಜಾಗ

ಬಾಯಲ್ಲಿ ಹೇಳಿದ ಮಾತು ಸರಕಿನವರೆಗೆ ತಲುಪಲು ಮೂರು ಮೆಟ್ಟಿಲು ಹತ್ತಬೇಕು. ಫೋನ್ ಆ ಮಾತನ್ನು ಅಕ್ಷರ ಮಾಡಬೇಕು. ಆ ಅಕ್ಷರಕ್ಕೆ ಹೊಂದುವ ಮಾತು ನಮ್ಮ ಲಿಸ್ಟಿಂಗ್‌ನಲ್ಲಿ ಇರಬೇಕು. ಲಿಸ್ಟಿಂಗ್ ಸಿಕ್ಕಿದ ಮೇಲೆ ಕೇಳಿದ್ದಕ್ಕೆ ಅಲ್ಲಿ ಉತ್ತರ ಇರಬೇಕು. ಮೂರರಲ್ಲಿ ಯಾವುದು ಮುರಿದಿದೆ ಅಂತ ತಿಳಿಯದೆ ತಿದ್ದಲು ಹೊರಟರೆ ಸುಮ್ನೆ ಶ್ರಮ ದಂಡ.

ಬೇರೆ ಮಾಡಿ ನೋಡುವುದು ಸುಲಭ. ಮೈಕ್ ಒತ್ತಿ ಹೇಳಿದ ಮೇಲೆ ಫಲಿತಾಂಶ ನೋಡುವ ಮೊದಲು ಹುಡುಕುವ ಪೆಟ್ಟಿಗೆ ನೋಡಿ. ಅಲ್ಲಿ ಏನು ಬರೆದುಕೊಂಡಿದೆ? ನೀವು ಹೇಳಿದ್ದೇ ಇದ್ದರೆ ಮೊದಲ ಮೆಟ್ಟಿಲು ಸರಿ. ಬೇರೆ ಏನೋ ಇದ್ದರೆ ದೋಷ ಅಲ್ಲೇ. ಆಮೇಲೆ ಪೆಟ್ಟಿಗೆಯಲ್ಲಿರುವ ಅದೇ ಅಕ್ಷರಗಳನ್ನು ಕಾಪಿ ಮಾಡಿ ಮತ್ತೆ ಹುಡುಕಿ. ಆಗಲೂ ಸರಕು ಬಾರದಿದ್ದರೆ ಎರಡನೇ ಮೆಟ್ಟಿಲು ಮುರಿದಿದೆ. ಬಂದರೆ ಒಳಗೆ ಹೋಗಿ, ಕೇಳಿದ ಪ್ರಶ್ನೆಗೆ ಉತ್ತರ ಹತ್ತು ಸೆಕೆಂಡಿನಲ್ಲಿ ಕಣ್ಣಿಗೆ ಬೀಳುತ್ತದಾ ನೋಡಿ.

ನಾವು ಮೂರು ಜನರಿಂದ ಹೇಳಿಸಿದೆವು. ಯಜಮಾನರ ಸೊಸೆ, ಮಂಗಳೂರು ಕಡೆಯ ಒಬ್ಬ ಅಕೌಂಟೆಂಟ್, ಆಮೇಲೆ ಯಜಮಾನರ ತಾಯಿ. ಮೂವರಿಗೂ ವಾಕ್ಯ ಕೊಡಲಿಲ್ಲ. "ನಿಮಗೆ ಒಂದು ಕಾವಲಿ ಬೇಕು, ಮನೇಲಿ ಇಂಡಕ್ಷನ್ ಇದೆ, ಫೋನ್‌ಗೆ ಕೇಳಿ" ಅಂದೆ ಅಷ್ಟೇ. ವಾಕ್ಯ ಬರೆದುಕೊಟ್ಟರೆ ಅವರು ಓದುತ್ತಾರೆ, ಕೇಳುವುದಿಲ್ಲ. ಓದುವ ದನಿಯೇ ಬೇರೆ, ಪದವೂ ಬೇರೆ.

ಸೊಸೆ ಹೇಳಿದ್ದು ಸರಿಯಾಗಿ ಅಕ್ಷರವಾಯಿತು. ಅಕೌಂಟೆಂಟ್ "ಬೀಡಿನ ಕಾವಲಿ" ಅಂದರು. ಅವರ ಊರಿನಲ್ಲಿ ಎರಕದ ಕಬ್ಬಿಣಕ್ಕೆ ಬೀಡು ಅಂತಲೇ ಹೇಳುತ್ತಾರೆ. ಫೋನ್ ಒಮ್ಮೆ ಸರಿಯಾಗಿ ಬರೆಯಿತು, ಒಮ್ಮೆ "ಬೀಡಿ ಕಾವಲಿ" ಅಂತ ಬರೆಯಿತು. ಅಜ್ಜಿ "ಕಾವ್ಲಿ" ಅಂತ ಬೇಗ ಹೇಳಿದ್ದು ಒಂದು ಸಲ "ಕವ್ವಾಲಿ" ಆಯಿತು. ಆದರೆ ಅವರೇ "ದೋಸೆ ಕಾವ್ಲಿ" ಅಂದಾಗ ಸರಿ ಬಂತು. ಪಕ್ಕದಲ್ಲಿ ದೋಸೆ ಇದ್ದರೆ ಫೋನ್‌ಗೂ ಊಹಿಸುವುದು ಸುಲಭ.

ಇಲ್ಲಿ ಒಂದು ಎಚ್ಚರಿಕೆ. ಫೋನ್ ತಪ್ಪಾಗಿ ಕೇಳಿಸಿಕೊಂಡಿದ್ದನ್ನು ನಿಮ್ಮ ಲಿಸ್ಟಿಂಗ್‌ನಲ್ಲಿ ಬರೆಯಬೇಡಿ. "ಬೀಡಿ ಕಾವಲಿ" ಅಂತ ಹಾಕಿದರೆ ಓದುವವರಿಗೆ ಸರಕಿನ ಮೇಲೇ ಅನುಮಾನ ಬರುತ್ತದೆ. ಮೊದಲ ಮೆಟ್ಟಿಲಿನ ದೋಷ ನಮ್ಮ ಕೈಯಲ್ಲಿ ಇಲ್ಲ. ನಮ್ಮ ಕೈಯಲ್ಲಿರುವುದು ಇಷ್ಟೇ: "ಕಾವಲಿ" ಪದವನ್ನು ಒಂಟಿ ಬಿಡದೆ "ದೋಸೆ ಕಾವಲಿ" ಅಂತ ಜೋಡಿಯಾಗಿ ಬರೆಯುವುದು. ಒಂದು ಪದ ಕೆಟ್ಟರೂ ಇನ್ನೊಂದು ಕೈ ಹಿಡಿಯಲಿ.

ನಮ್ಮ ನಿಜವಾದ ದೋಷ ಎರಡನೇ ಮತ್ತು ಮೂರನೇ ಮೆಟ್ಟಿಲಿನಲ್ಲಿತ್ತು.

ಉತ್ತರ ಚಿತ್ರದೊಳಗೆ ಇದೆಯಾ?

ಲಿಸ್ಟಿಂಗ್ ತೆರೆದು, "ಇಂಡಕ್ಷನ್" ಅಂತ ಬರೆದಿರುವ ಜಾಗದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಅಕ್ಷರ ಆಯ್ಕೆ ಆಗುತ್ತದಾ? ನಮ್ಮಲ್ಲಿ ಆಗಲಿಲ್ಲ. ಕನ್ನಡದ ಮಾಹಿತಿಯೆಲ್ಲ ಐದನೇ ಫೋಟೋದೊಳಗೆ ಇತ್ತು. ಡಿಟಿಪಿ ಅಂಗಡಿಯವರು ಚೆನ್ನಾಗಿ ಡಿಸೈನ್ ಮಾಡಿಕೊಟ್ಟಿದ್ದರು. ಗ್ಯಾಸ್, ಇಂಡಕ್ಷನ್ ಚಿತ್ರಗಳು, ಕೆಳಗೆ ಹಸಿರು ಟಿಕ್. ನೋಡುವ ಕಣ್ಣಿಗೆ ಉತ್ತರ ಇದೆ. ಹುಡುಕುವ ಯಂತ್ರ ಅದನ್ನು ಓದಿಕೊಳ್ಳುತ್ತದೆ ಅಂತ ನಂಬುವ ಹಾಗಿಲ್ಲ. ಅಕ್ಷರವಾಗಿ ಬರೆದದ್ದು ಇಂಗ್ಲಿಷ್ ಮಾತ್ರ.

ಡಿಟಿಪಿಯವರ ಹತ್ತಿರ ಆ ಮಾತುಗಳ ಫೈಲ್ ಇತ್ತು. ಅದನ್ನು ಹಾಗೇ ಪೇಸ್ಟ್ ಮಾಡಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಫೈಲ್‌ಗಳಲ್ಲಿ ಇದು ಸಾಮಾನ್ಯ. ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಒಳಗಿರುವುದು ಯೂನಿಕೋಡ್ ಅಲ್ಲ. ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಇಲ್ಲವೇ ಹೊಸದಾಗಿ ಟೈಪ್ ಮಾಡಬೇಕು. ನಾವು ಹೊಸದಾಗಿ ಬರೆದೆವು. ಹೇಗಿದ್ದರೂ ಮಾತು ಬದಲಿಸಬೇಕಿತ್ತು.

ಜನ ನಿಜವಾಗಿ ಏನು ಕೇಳುತ್ತಾರೆ?

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಹೆಜ್ಜೆ. ಬಹಳ ಜನ ಇದನ್ನು ಬಿಟ್ಟು ನೇರವಾಗಿ ಬರೆಯಲು ಕೂರುತ್ತಾರೆ.

ಟೈಪ್ ಮಾಡುವವರು ವಸ್ತುವಿನ ಹೆಸರು ಹೇಳುತ್ತಾರೆ. ಬಾಯಲ್ಲಿ ಕೇಳುವವರು ತಮ್ಮ ಮನೆಯ ಸ್ಥಿತಿ ಹೇಳುತ್ತಾರೆ. ಒಲೆ ಯಾವುದು, ಯಾರು ಬಳಸುತ್ತಾರೆ, ಹಿಂದಿನ ಕಾವಲಿಯಲ್ಲಿ ಏನು ತೊಂದರೆ ಆಯಿತು. ಆ ಮಾತು ಎಲ್ಲಿ ಸಿಗುತ್ತದೆ? ನಮ್ಮ ಪುಣ್ಯಕ್ಕೆ ಅಂಗಡಿಗೆ ಗಲ್ಲಾಪೆಟ್ಟಿಗೆ ಇತ್ತು. ಒಂದು ಶನಿವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದರ ಪಕ್ಕ ಕೂತು, ಕಾವಲಿ ಕೇಳಿದವರ ಮಾತನ್ನು ಹಾಗೆ ಹಾಗೇ ಬರೆದುಕೊಂಡೆ. ತಿದ್ದಲಿಲ್ಲ. ಕೆಲವು ಇಲ್ಲಿವೆ:

"ಅಣ್ಣಾ, ಇಂಡಕ್ಷನ್‌ಗೆ ಆಗತ್ತಾ ಇದು?"

"ದೋಸೆ ಏಳತ್ತಾ? ಮನೇಲಿರೋದ್ರಲ್ಲಿ ಏಳ್ತಾನೇ ಇಲ್ಲ."

"ಇದನ್ನ ಪಳಗಿಸ್ಬೇಕಾ, ಇಲ್ಲ ಹಾಗೇ ಹುಯ್ಬೋದಾ?"

"ಭಾರ ಜಾಸ್ತಿ ಅಲ್ವಾ? ಅಮ್ಮಂಗೆ ಎತ್ತಕ್ಕಾಗಲ್ಲ."

ಈಗ ಲಿಸ್ಟಿಂಗ್ ಜೊತೆ ಇಟ್ಟು ನೋಡಿ. ಅಲ್ಲಿ ಇದ್ದದ್ದು "ನಾನ್‌ಸ್ಟಿಕ್ ಸರ್ಫೇಸ್". ಗಿರಾಕಿ ಕೇಳಿದ್ದು ದೋಸೆ ಏಳುತ್ತದಾ ಅಂತ. ಅಲ್ಲಿ "ಪ್ರೀ-ಸೀಸನ್ಡ್, ರೆಡಿ ಟು ಯೂಸ್". ಗಿರಾಕಿ ಕೇಳಿದ್ದು ಪಳಗಿಸಬೇಕಾ ಅಂತ. ಅಲ್ಲಿ ಬರೀ ತೂಕದ ಅಂಕಿ. ಗಿರಾಕಿ ಕೇಳಿದ್ದು ಅಮ್ಮ ಎತ್ತಬಹುದಾ ಅಂತ. ಮಾಹಿತಿ ಎಲ್ಲ ಇದೆ. ಕೇಳಿದ ಮಾತಿಗೆ ತಾಗುವ ಒಂದು ಪದವೂ ಇಲ್ಲ. ದೋಷ ಇದೇ.

ಗಲ್ಲಾ ಇಲ್ಲದವರಿಗೆ ಬೇರೆ ಮೂಲಗಳಿವೆ. ವಾಟ್ಸ್‌ಆ್ಯಪ್‌ಗೆ ಬಂದ ವಾಯ್ಸ್ ಮೆಸೇಜ್‌ಗಳು ಬಂಗಾರ. ಸರಕು ವಾಪಸ್ ಕಳಿಸಿದವರು ಬರೆದ ಕಾರಣವನ್ನೂ ಓದಿ. ಸ್ವಂತ ವೆಬ್‌ಸೈಟ್ ಇದ್ದರೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಜನ ಯಾವ ಮಾತಿನಿಂದ ಬಂದರು ಅಂತ 16 ತಿಂಗಳಷ್ಟು ಹಿಂದಿನವರೆಗೆ ಸಿಗುತ್ತದೆ. ಅಲ್ಲಿ `Performance` ಭಾಗದಲ್ಲಿ ಕ್ವೆರಿಗೆ, ಒಂದೇ ಮಾತಿನ ಹಲವು ರೂಪಗಳನ್ನು ಒಟ್ಟಿಗೆ ಹುಡುಕುವ `regex` ಫಿಲ್ಟರ್ ಹಾಕಬಹುದು:

```
(ಇಂಡಕ್ಷನ್|induction).*(ಆಗುತ್ತಾ|ಆಗತ್ತಾ|ಆಗೋ|agutta|agatta)
```

ಎರಡು ವಿಷಯ ಗಮನದಲ್ಲಿರಲಿ. ಸರ್ಚ್ ಕನ್ಸೋಲ್ ಬಾಯಲ್ಲಿ ಕೇಳಿದ್ದನ್ನೂ ಟೈಪ್ ಮಾಡಿದ್ದನ್ನೂ ಬೇರೆ ಬೇರೆ ತೋರಿಸುವುದಿಲ್ಲ. ವಾಕ್ಯದ ಉದ್ದ, ಕೊನೆಯ "ಆ" ನೋಡಿ ನಾವೇ ಅಂದಾಜು ಮಾಡಬೇಕು. ಇನ್ನೊಂದು, ತೀರ ಕಡಿಮೆ ಜನ ಕೇಳಿದ ಮಾತನ್ನು ಗೂಗಲ್ ಖಾಸಗಿತನಕ್ಕಾಗಿ ಮುಚ್ಚಿಡುತ್ತದೆ. ಬಾಯಿಮಾತಿನ ಪ್ರಶ್ನೆಗಳು ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ ಮುಚ್ಚಿಹೋಗುವವುಗಳಲ್ಲಿ ಅವೇ ಜಾಸ್ತಿ. ಪಟ್ಟಿ ಖಾಲಿ ಬಂದರೆ ಯಾರೂ ಕೇಳಿಲ್ಲ ಅಂತ ತೀರ್ಮಾನ ಮಾಡಬೇಡಿ. ಅದಕ್ಕೇ ನನಗೆ ಗಲ್ಲಾಪೆಟ್ಟಿಗೆಯ ಮೇಲೆ ನಂಬಿಕೆ ಹೆಚ್ಚು.

ಒಂದೊಂದೇ ಉತ್ತರ ತಿದ್ದಿದ್ದು

ಇಂಡಕ್ಷನ್ ಪ್ರಶ್ನೆಗೆ ಮಾರುಕಟ್ಟೆಯ ಪ್ರಶ್ನೋತ್ತರ ಭಾಗದಲ್ಲಿ ಆಗಲೇ ಉತ್ತರ ಇತ್ತು: "ಹೌದು, ಆಗುತ್ತದೆ." ಮಾತಾಡುವಾಗ ಇದು ಪೂರ್ತಿ ಉತ್ತರ. ಕನ್ನಡದಲ್ಲಿ ನಾವು ಕರ್ತೃವನ್ನು ಬಿಟ್ಟೇ ಮಾತಾಡುತ್ತೇವೆ. ಏನು ಆಗುತ್ತದೆ, ಯಾವುದಕ್ಕೆ ಆಗುತ್ತದೆ ಅಂತ ಎದುರಿಗಿರುವವರಿಗೆ ಗೊತ್ತು. ಆದರೆ ಲಿಸ್ಟಿಂಗ್‌ನ ಉತ್ತರವನ್ನು ಪ್ರಶ್ನೆಯಿಂದ ಬೇರೆ ಮಾಡಿ ಎತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಸ್ಕ್ರೀನ್ ಇಲ್ಲದ ಸ್ಪೀಕರ್ ಒಂದೇ ವಾಕ್ಯ ಓದಿ ಮುಗಿಸಬಹುದು. ಆಗ "ಹೌದು, ಆಗುತ್ತದೆ" ಅನ್ನುವುದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಆ ಉತ್ತರದಲ್ಲಿ ಕಾವಲಿ ಇಲ್ಲ, ದೋಸೆ ಇಲ್ಲ, ಇಂಡಕ್ಷನ್ ಇಲ್ಲ.

ಹಾಗಾಗಿ ಒಂದು ಪರೀಕ್ಷೆ ಮಾಡಿ. ಉತ್ತರದ ಮೊದಲ ವಾಕ್ಯವನ್ನು ಮಾತ್ರ ಬೇರೆ ಕೋಣೆಯಲ್ಲಿರುವವರಿಗೆ ಓದಿ ಹೇಳಿ. ಯಾವ ವಸ್ತು, ಏನು ಕೇಳಿದ್ದರು ಅಂತ ಅವರಿಗೆ ಹೇಳಲು ಬಂದರೆ ಉತ್ತರ ನಿಲ್ಲುತ್ತದೆ. ಬಾರದಿದ್ದರೆ ತಿದ್ದಬೇಕು.

ನಾವು ಬರೆದದ್ದು:

"ಈ ಕಬ್ಬಿಣದ ದೋಸೆ ಕಾವಲಿ ಇಂಡಕ್ಷನ್ ಒಲೆಗೂ ಆಗುತ್ತದೆ, ಗ್ಯಾಸ್ ಒಲೆಗೂ ಆಗುತ್ತದೆ. ಇಂಡಕ್ಷನ್ ಒಲೆಯ ಮೇಲಿನ ವೃತ್ತ ಕಾವಲಿಗಿಂತ ಚಿಕ್ಕದಿದ್ದರೆ ನಡುಭಾಗ ಬೇಗ ಕಾಯುತ್ತದೆ, ಅಂಚು ನಿಧಾನ. ಮೊದಲು ಸಣ್ಣ ಬಿಸಿಯಲ್ಲಿ ಐದು ನಿಮಿಷ ಇಟ್ಟು ಆಮೇಲೆ ಹೆಚ್ಚಿಸಿ. ಗಾಜಿನ ಮೇಲೆ ಎಳೆಯಬೇಡಿ, ಎತ್ತಿ ಇಡಿ."

ಮೊದಲ ವಾಕ್ಯ ಒಂಟಿಯಾಗಿ ನಿಲ್ಲುತ್ತದೆ. ಉಳಿದದ್ದು ಕೊಂಡ ಮೇಲೆ ಬರುವ ದೂರನ್ನು ಮೊದಲೇ ಹೇಳುತ್ತದೆ. ಎರಕದ ಕಬ್ಬಿಣಕ್ಕೆ ಅಯಸ್ಕಾಂತ ಅಂಟುತ್ತದೆ, ಹಾಗಾಗಿ ಇಂಡಕ್ಷನ್‌ನಲ್ಲಿ ಕಾಯುತ್ತದೆ. ಆದರೆ ಕಾಯಿಲ್ ಇರುವಷ್ಟು ಜಾಗ ಮಾತ್ರ ನೇರವಾಗಿ ಕಾಯುವುದು. 12 ಇಂಚು ಅಂದರೆ ಸುಮಾರು 30 ಸೆಂಟಿಮೀಟರ್ ಅಗಲ. ಮನೆಯ ಸಣ್ಣ ಇಂಡಕ್ಷನ್ ಒಲೆ ಅಷ್ಟು ಅಗಲ ಕಾಯಿಸುವುದಿಲ್ಲ. ಬರೀ "ಹೌದು" ಅಂದಿದ್ದಕ್ಕೇ ಎರಡು ಕಾವಲಿ "ಅಂಚು ಬೇಯುವುದಿಲ್ಲ" ಅಂತ ವಾಪಸ್ ಬಂದಿದ್ದವು.

ಪಳಗಿಸುವ ಪ್ರಶ್ನೆಯಲ್ಲಿ ಇನ್ನೊಂದು ದೋಷ ಇತ್ತು. ಲಿಸ್ಟಿಂಗ್‌ನ ಇಂಗ್ಲಿಷ್ ಮಾತನ್ನು ಮಾರುಕಟ್ಟೆಯ ಆ್ಯಪ್ ತಾನೇ ಕನ್ನಡ ಮಾಡಿತ್ತು. ಸೀಸನ್ ಅಂದರೆ ಅದಕ್ಕೆ ಅರ್ಥವಾದದ್ದು ಮಸಾಲೆ. "ಮೊದಲೇ ಮಸಾಲೆ ಹಾಕಿದ ತವಾ" ಅಂತ ಕಾಣುತ್ತಿತ್ತು. ಯಜಮಾನರಿಗೆ ಇದು ಗೊತ್ತೇ ಇರಲಿಲ್ಲ, ಯಾಕಂದರೆ ಅವರ ಆ್ಯಪ್ ಇಂಗ್ಲಿಷ್‌ನಲ್ಲಿತ್ತು. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲೇ ಕನ್ನಡದಲ್ಲಿ ಬಂದಿವೆ. ಮಾರುವವರು ಒಂದು ಸಲವಾದರೂ ತಮ್ಮ ಸರಕನ್ನು ಆ್ಯಪ್‌ನ ಭಾಷೆ ಕನ್ನಡ ಮಾಡಿ ನೋಡಲೇಬೇಕು. ಗಿರಾಕಿ ನೋಡುವುದು ಅದನ್ನೇ ಅಲ್ವಾ?

ಹೊಸ ಉತ್ತರ ಹೀಗಾಯಿತು:

"ಈ ದೋಸೆ ಕಾವಲಿಯನ್ನು ಎಣ್ಣೆ ಹಚ್ಚಿ ಒಂದು ಸಲ ಪಳಗಿಸಿಯೇ ಕಳಿಸುತ್ತೇವೆ. ಮನೆಯಲ್ಲಿ ಇನ್ನೂ ಎರಡು ಮೂರು ಸಲ ಪಳಗಿಸಿದರೆ ದೋಸೆ ಚೆನ್ನಾಗಿ ಏಳುತ್ತದೆ. ತೊಳೆದು, ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಒರೆಸಿ, ಹೊಗೆ ಬರುವವರೆಗೆ ಕಾಯಿಸಿ ಆರಲು ಬಿಡಿ. ಶುರುವಿನಲ್ಲಿ ಹುಣಸೆಹುಳಿ, ಟೊಮೆಟೊ ಹಾಕಿದ್ದನ್ನು ಇದರಲ್ಲಿ ಕುದಿಸಬೇಡಿ."

"ಪಳಗಿಸು", "ದೋಸೆ ಏಳುತ್ತದೆ" ಎರಡೂ ಗಿರಾಕಿಯ ಬಾಯಿಂದ ಬಂದ ಮಾತು. "ನಾನ್‌ಸ್ಟಿಕ್" ತೆಗೆದುಹಾಕಿದೆವು. ಕೋಟಿಂಗ್ ಇರುವ ಕಾವಲಿ ಹುಡುಕುವವರು ಆ ಪದದಿಂದ ಬಂದು, ಕಬ್ಬಿಣ ನೋಡಿ ಬೇಸರದಿಂದ ಹೋಗುತ್ತಿದ್ದರು.

ಭಾರದ ಉತ್ತರಕ್ಕೆ ಸ್ವಲ್ಪ ವಾದ ನಡೆಯಿತು. ನಾನು ಬರೆದದ್ದು: "ಈ 12 ಇಂಚಿನ ದೋಸೆ ಕಾವಲಿ ಭಾರ ಇದೆ, 3.1 ಕೆ.ಜಿ. ತೂಗುತ್ತದೆ. ವಯಸ್ಸಾದವರಿಗೆ ಒಂದು ಕೈಯಲ್ಲಿ ಎತ್ತುವುದು ಕಷ್ಟ. ಅವರಿಗೆ ನಮ್ಮ 10 ಇಂಚಿನದು ನೋಡಿ, ಅದು 2.2 ಕೆ.ಜಿ."

"ನಾವೇ ಕಷ್ಟ ಅಂತ ಬರೆದರೆ ಯಾರು ತಗೋತಾರಮ್ಮ?" ಅಂದರು ಯಜಮಾನರು.

"ಅಂಗಡಿಗೆ ಬಂದವರಿಗೆ ನೀವೇ ಹೇಳ್ತೀರಲ್ಲಾ ಅಣ್ಣ, 'ಅಜ್ಜಿಗಾದ್ರೆ ಚಿಕ್ಕದು ತಗೊಳ್ಳಿ' ಅಂತ. ಅದನ್ನೇ ಬರೆದಿದ್ದೀನಿ" ಅಂದೆ.

ಅವರು ಒಪ್ಪಿದರು. ನನ್ನ ಅಭಿಪ್ರಾಯದಲ್ಲಿ ಬಾಯಿಮಾತಿನ ಪ್ರಶ್ನೆಗೆ ಒಳ್ಳೆಯ ಉತ್ತರದ ಗುರುತು ಇದು. ಗಲ್ಲಾದ ಹಿಂದೆ ಕೂತವರು ಏನು ಹೇಳುತ್ತಿದ್ದರೋ ಅದೇ ಅಲ್ಲಿರಬೇಕು, ಬೇಡ ಅನ್ನುವುದೂ ಸೇರಿ.

ಪದಗಳ ಬಲೆ

ಕಾವಲಿಗೆ ನಮ್ಮಲ್ಲಿ ಹೆಸರು ಒಂದಲ್ಲ. ಕಾವಲಿ, ಹೆಂಚು, ಹಂಚು, ತವಾ. ಎಲ್ಲವನ್ನೂ ತುರುಕಲು ಮನಸ್ಸು ಬರುತ್ತದೆ. ತುರುಕಿದರೆ ಓದಲು ಆಗುವುದಿಲ್ಲ, ಕೆಲವು ಪದ ತಿರುಗಿಯೂ ಬೀಳುತ್ತವೆ. "ಹೆಂಚು" ಅಂತ ಮಾತ್ರ ಹೇಳಿ ಹುಡುಕಿ ನೋಡಿ, ಮನೆ ಮಾಡಿಗೆ ಹಾಕುವ ಹೆಂಚು ಬರುತ್ತದೆ. ಹಾಗಾಗಿ ಆ ಪದವನ್ನು "ದೋಸೆ ಹೆಂಚು" ಅಂತ ಜೋಡಿಯಾಗಿ, ವಿವರಣೆಯಲ್ಲಿ ಒಂದೇ ಸಲ ತಂದೆವು: "ಕೆಲವರು ದೋಸೆ ಹೆಂಚು, ಬೀಡಿನ ಕಾವಲಿ ಅಂತ ಕರೆಯುವ ಎರಕದ ಕಬ್ಬಿಣದ ಕಾವಲಿ ಇದು." ಓದುವವರಿಗೂ ಸಹಜ, ಹುಡುಕಾಟಕ್ಕೂ ಸಾಕು.

ವಿಭಕ್ತಿಯದು ಇನ್ನೊಂದು ಬಲೆ. ಅಂಗಡಿಯ ಸ್ವಂತ ವೆಬ್‌ಸೈಟ್‌ನ ಹುಡುಕಾಟ ತುಂಬ ಸರಳ. ಅಕ್ಷರ ಹಾಗೇ ಹೊಂದಿದರೆ ಮಾತ್ರ ತೋರಿಸುತ್ತದೆ. ಅಜ್ಜಿ "ದೋಸೆ ಕಾವಲೀಲಿ ಅಂಟದೇ ಇರೋದು" ಅಂದರೆ ಅಲ್ಲಿ "ಕಾವಲಿ" ಇಲ್ಲ. "ಲಿ" ಹೋಗಿ "ಲೀ" ಆಗಿದೆ. ನಮ್ಮ ಕಿವಿಗೆ ಒಂದೇ ಪದ, ಅದಕ್ಕೆ ಬೇರೆ. ಪುಟದಲ್ಲಿ ಎಲ್ಲ ರೂಪ ಬರೆಯಲು ಆಗುವುದಿಲ್ಲ. ಸೈಟ್ ಮಾಡಿಕೊಟ್ಟ ಹುಡುಗನಿಗೆ ಹೇಳಿ, ಹುಡುಕಾಟದಲ್ಲಿ ಸಮಾನ ಪದಗಳ ಪಟ್ಟಿ ಹಾಕಿಸಿದೆವು: ಕಾವಲೀಲಿ, ಕಾವಲೀನ, ಕಾವ್ಲಿ ಎಲ್ಲ "ಕಾವಲಿ"ಗೆ ಹೋಗುವ ಹಾಗೆ. ಈ ದೋಷಕ್ಕೆ ಬರವಣಿಗೆಯಲ್ಲಿ ಮದ್ದಿಲ್ಲ, ಅದನ್ನು ಒಪ್ಪಿಕೊಂಡು ಬೇರೆ ಕಡೆ ಸರಿ ಮಾಡಬೇಕು.

ಮಾರುಕಟ್ಟೆಯಲ್ಲಿ ಗಿರಾಕಿಗೆ ಕಾಣದ ಹುಡುಕು ಪದಗಳ ಖಾನೆ ಇರುತ್ತದೆ. ಪುಟದಲ್ಲಿ ಚೆಂದ ಕಾಣದ ರೂಪಗಳಿಗೆ ಅದೇ ಜಾಗ. ಅಲ್ಲಿ ಮಿತಿಯನ್ನು ಬೈಟ್‌ನಲ್ಲಿ ಎಣಿಸುತ್ತಾರಾ, ಅಕ್ಷರದಲ್ಲಾ ನೋಡಿಕೊಳ್ಳಿ. ಬೈಟ್ ಆದರೆ ಕನ್ನಡಕ್ಕೆ ಜಾಗ ಬೇಗ ಮುಗಿಯುತ್ತದೆ.

```
python3 -c 'print(len("kavali".encode()), len("ಕಾವಲಿ".encode()))'
6 15
```

ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಗುರುತಿಗೂ ಮೂರು ಮೂರು ಬೈಟ್. ನಮ್ಮ ಖಾನೆ ಕೊನೆಯ ಪದವನ್ನು ನಡುವೆ ಕತ್ತರಿಸಿ ಹಾಕಿತ್ತು, ತಪ್ಪು ಅಂತಲೂ ಹೇಳಿರಲಿಲ್ಲ. ಪುಟದಲ್ಲಿ ಆಗಲೇ ಇರುವ ಪದಗಳನ್ನು ಅಲ್ಲಿಂದ ತೆಗೆದೆವು. `kavali`, `dose kavali`, `henchu` ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆವು. ಕನ್ನಡ ಲಿಪಿಯಲ್ಲಿ "ಬೀಡಿನ" ಮಾತ್ರ ಉಳಿಸಿದೆವು. ಫೋನ್‌ನ ಭಾಷೆ ಇಂಗ್ಲಿಷ್ ಇಟ್ಟುಕೊಂಡು ಕನ್ನಡದಲ್ಲಿ ಮಾತಾಡುವವರು ಬೆಂಗಳೂರಿನಲ್ಲಿ ಬಹಳ. ಅವರ ಮಾತು ಇಂಗ್ಲಿಷ್ ಅಕ್ಷರದಲ್ಲೇ ಬೀಳುತ್ತದೆ.

ಸ್ವಂತ ಸೈಟ್‌ಗೆ `FAQPage` ಮಾರ್ಕಪ್ ಹಾಕಿದರೆ ಗೂಗಲ್‌ನಲ್ಲಿ ಪ್ರಶ್ನೋತ್ತರ ಕಾಣುತ್ತದೆ ಅಂತ ಯಾರಾದರೂ ಹೇಳಬಹುದು. 2023ರ ಆಗಸ್ಟ್‌ನಲ್ಲಿ ಗೂಗಲ್ ಅದನ್ನು ಸರ್ಕಾರಿ ಮತ್ತು ಆರೋಗ್ಯದ ಹೆಸರಾಂತ ಸೈಟ್‌ಗಳಿಗೆ ಸೀಮಿತ ಮಾಡಿತು. ಪಾತ್ರೆ ಅಂಗಡಿ ಅದಕ್ಕಾಗಿ ದುಡ್ಡು ಕೊಡಬೇಕಿಲ್ಲ.

ತಿದ್ದಿದ ಮೇಲೆ

ಮಾರನೇ ದಿನವೇ ನೋಡಿ ಬೇಸರ ಮಾಡಿಕೊಳ್ಳಬೇಡಿ. ಸ್ವಂತ ಸೈಟ್‌ನ ಪುಟಕ್ಕೆ ಸರ್ಚ್ ಕನ್ಸೋಲ್‌ನಲ್ಲಿ `URL Inspection` ಮಾಡಿ, ಮತ್ತೆ ಓದಿಕೊಳ್ಳಲು ಕೇಳಿಕೊಂಡು ಕಾಯಬೇಕು. ನಾವು ಮೂರು ವಾರ ಬಿಟ್ಟು ಅದೇ ಮೂವರನ್ನು ಕೂರಿಸಿದೆವು. ಮತ್ತೆ ವಾಕ್ಯ ಕೊಡಲಿಲ್ಲ.

ಸೊಸೆ ಕೇಳಿದ ಇಂಡಕ್ಷನ್ ಮಾತಿಗೆ ಎರಡೂ ಕಡೆ ಕಾವಲಿ ಬಂತು. ಅಜ್ಜಿಯ "ಭಾರ ಇಲ್ದೇ ಇರೋ ದೋಸೆ ಕಾವ್ಲಿ"ಗೆ 10 ಇಂಚಿನದು ಬಂತು. ಅದೇ ಬರಬೇಕಿತ್ತು. "ಬೀಡಿನ ಕಾವಲಿ" ಮಾರುಕಟ್ಟೆಯಲ್ಲಿ ಸಿಕ್ಕಿತು. ಗೂಗಲ್‌ನಲ್ಲಿ ಇನ್ನೂ ಕೆಳಗೇ ಇದೆ. ಬರೀ "ಹೆಂಚು" ಅಂದರೆ ಈಗಲೂ ಮಾಡಿನ ಹೆಂಚೇ ಬರುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇವೆ.

ಇಂಡಕ್ಷನ್‌ಗೆ ಆಗುತ್ತದಾ ಅನ್ನುವ ಪ್ರಶ್ನೆ ಪ್ರಶ್ನೋತ್ತರ ಭಾಗದಲ್ಲಿ ಮತ್ತೆ ಬಂದಿಲ್ಲ. ಬದಲಿಗೆ ಹುಬ್ಬಳ್ಳಿ ಕಡೆಯ ಒಬ್ಬರು ಕೇಳಿದ್ದಾರೆ: "ಇದರಾಗ ಜ್ವಾಳದ ರೊಟ್ಟಿ ಆಗ್ತಾವೇನ್ರಿ?" ಯಜಮಾನರು ಒಂದು ರೊಟ್ಟಿ ಸುಟ್ಟು ನೋಡಿ ಹೇಳುತ್ತೇನೆ ಅಂದಿದ್ದಾರೆ. ಅವರು ಹೇಳುವವರೆಗೆ ಆ ಉತ್ತರದ ಜಾಗ ಖಾಲಿ ಬಿಟ್ಟಿದ್ದೇನೆ.